ಬೆನ್ನು ಬೀಳದೆ ಫಾಲೋಅಪ್ ಮೇಲ್ ಬರೆಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ ಎಂದುಕೊಳ್ಳಿ. ಟೀಮ್ ಔಟಿಂಗ್‌ಗೆ ಬನ್ನಿ ಎಂದು ಬೆಂಗಳೂರಿನ ಕಂಪನಿಗಳ ಎಚ್‌ಆರ್‌ಗೆ 10 ದಿನದಲ್ಲಿ 6 ಮೇಲ್ ಹಾಕುತ್ತದೆ. ಎರಡನೆಯದು ‘ನನ್ನ ಮೇಲ್ ನೋಡಿದ್ರಾ?’ ನಾಲ್ಕನೆಯದು ‘ನೀವು ಓಪನ್ ಮಾಡಿದ್ದು ಗೊತ್ತಾಯ್ತು.’ ಆರನೆಯದು ‘ಇವತ್ತೇ ಕೊನೆ ದಿನ!’ ಮಳೆಗಾಲದಲ್ಲಿ ಅರ್ಧ ರೂಮು ಖಾಲಿ ಇರುವಾಗ ಯಾವ ಕೊನೆ ದಿನ? ಇದನ್ನು ಸರಿ ಮಾಡೋಣ.

ಮೊದಲು ಅಳಿಸಿ. ಆರೂ ಮೇಲ್‌ಗಳನ್ನು ಒಂದೇ ಹಾಳೆಯಲ್ಲಿ ಇಟ್ಟು ಓದಿ. ಓದುವವರಿಗೆ ಹೊಸದೇನೂ ಹೇಳದ ಸಾಲಿಗೆಲ್ಲ ಗೆರೆ ಎಳೆಯಿರಿ. ‘ಸುಮ್ನೆ ನೆನಪಿಸೋಣ ಅಂತ’ ಎಂಬುದು ಮೊದಲು ಹೋಗಬೇಕು. ‘ಓಪನ್ ಮಾಡಿದ್ದು ಗೊತ್ತಾಯ್ತು’ ಎನ್ನುವುದು ಮುಜುಗರದ ಮಾತು ಮಾತ್ರವಲ್ಲ, ಎಷ್ಟೋ ಸಲ ಸುಳ್ಳು ಕೂಡ. ಓಪನ್ ಲೆಕ್ಕ ಸಿಗುವುದು ಮೇಲ್‌ನ ಚಿತ್ರ ಲೋಡ್ ಆದಾಗ. 2021ರಿಂದ ಆ್ಯಪಲ್ ಮೇಲ್‌ನಲ್ಲಿ ಖಾಸಗಿತನದ ಸೆಟ್ಟಿಂಗ್ ಆನ್ ಇದ್ದರೆ, ಮೇಲ್‌ನ ಚಿತ್ರಗಳು ತಾವಾಗಿಯೇ ಲೋಡ್ ಆಗುತ್ತವೆ. ಆಗ ಯಾರೂ ಓದದಿದ್ದರೂ ಲೆಕ್ಕದಲ್ಲಿ ‘ಓಪನ್’ ಎಂದೇ ಬರುತ್ತದೆ.

ನಾಲ್ಕು ಸಾಕು. 1, 4, 11 ಮತ್ತು 25ನೇ ದಿನ ಕಳಿಸಿ. ಅಂತರ ಹಿಗ್ಗುತ್ತಾ ಹೋಗಲಿ. ಎಲ್ಲವೂ ಒಂದೇ ಥ್ರೆಡ್‌ನಲ್ಲಿರಲಿ, ಅವರು ಹಳೆಯದನ್ನು ಹುಡುಕುವಂತಾಗಬಾರದು. ಆದರೆ ಮೊದಲ ಮೇಲ್‌ಗೇ ‘Re:’ ಅಂಟಿಸಿ ಹಳೆ ಪರಿಚಯದ ನಾಟಕ ಬೇಡ.

ಪ್ರತಿ ಮೇಲ್‌ಗೂ ಒಂದು ಹೊಸ ವಿಷಯ. ಮೊದಲನೆಯದರಲ್ಲಿ ಒಂದೇ ಪ್ರಶ್ನೆ: ಈ ವರ್ಷ ಔಟಿಂಗ್ ಇದೆಯೇ, ಎಷ್ಟು ಜನ? ಎರಡನೆಯದರಲ್ಲಿ ಊಟ ಸೇರಿ ಒಬ್ಬರಿಗೆ ಎಷ್ಟು ಎಂಬ ದರ. ಎಚ್‌ಆರ್ ಅದನ್ನು ಹಾಗೇ ಮೇಲಿನವರಿಗೆ ಫಾರ್ವರ್ಡ್ ಮಾಡುವಂತಿರಲಿ. ಮೂರನೆಯದು ನನಗೆ ಇಷ್ಟದ್ದು, ತೊಂದರೆಗಳನ್ನು ನಾವೇ ಹೇಳುವುದು:

‘ಜುಲೈನಲ್ಲಿ ಬಂದರೆ ಕಾಡು ಚೆನ್ನಾಗಿರುತ್ತದೆ, ಇಂಬಳವೂ ಇರುತ್ತದೆ. ಕರೆಂಟು, ನೆಟ್‌ವರ್ಕ್ ಆಗಾಗ ಹೋಗುತ್ತವೆ. ಇಲ್ಲಿಂದಲೇ ಕೆಲಸ ಮಾಡುವವರಿದ್ದರೆ ಡಿಸೆಂಬರ್ ವಾಸಿ. ನಿಮಗೆ ಯಾವ ತಿಂಗಳು ಸರಿ?’

ಆಫೀಸಿನಲ್ಲಿ ಆಮೇಲೆ ಬೈಸಿಕೊಳ್ಳುವವರು ಎಚ್‌ಆರ್ ತಾನೇ? ಅವರಿಗೆ ಬೇಕಾದ ಮಾಹಿತಿ ಇದು.

ಕೊನೆಯದು ಎರಡೇ ಸಾಲು: ‘ಇದರ ನಂತರ ನಾವಾಗಿ ಬರೆಯುವುದಿಲ್ಲ. ಬೇಡವೆಂದರೆ “ಬೇಡ” ಎನ್ನಿ, ಮುಂದೆ ನೋಡೋಣವೆಂದರೆ ತಿಂಗಳಷ್ಟೇ ಬರೆಯಿರಿ.’ ಬರೆದ ಮೇಲೆ ಆ ಮಾತಿಗೆ ತಪ್ಪಬೇಡಿ. ‘ಡಿಸೆಂಬರ್’ ಎಂದವರಿಗೆ ಅಕ್ಟೋಬರ್‌ನಲ್ಲಿ ಒಂದು ಮೇಲ್, ಅಷ್ಟೇ.

ನಿಲ್ಲಿಸುವ ನಿಯಮ. ಜಾಸ್ತಿ ಜನ ಎಡವುವುದು ಇಲ್ಲೇ. ಉತ್ತರ ಬಂದ ತಕ್ಷಣ ಉಳಿದ ಮೇಲ್‌ಗಳು ನಿಲ್ಲಬೇಕು. ‘ಬೇಡ’ ಎಂದವರಿಗೆ ಮೂರು ದಿನ ಬಿಟ್ಟು ದರಪಟ್ಟಿ ಹೋದರೆ ಅವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಈ ದೂರಿನ ಪ್ರಮಾಣ 0.3% ಮುಟ್ಟಬಾರದು ಎಂದು ಜಿಮೇಲ್ ಹೇಳುತ್ತದೆ. ಅಂದರೆ ಸಾವಿರಕ್ಕೆ ಮೂರು. ಅದು ದಾಟಿದರೆ ಆಸಕ್ತಿ ಇದ್ದವರಿಗೆ ಕಳಿಸಿದ್ದೂ ಸ್ಪ್ಯಾಮ್‌ಗೆ ಬೀಳಬಹುದು.

ಕಳಿಸುವ ಮೊದಲು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಹಾಕಿ, ‘ಬೇಡ’ ಎಂದು ಉತ್ತರಿಸಿ. ನಾಲ್ಕನೇ ದಿನ ಮತ್ತೆ ಮೇಲ್ ಬಂತೋ, ಮೇಲ್ ತಾನಾಗಿ ಹೋಗುವ ಸೆಟ್ಟಿಂಗ್ ಇನ್ನೂ ಸರಿಯಾಗಿಲ್ಲ.