ನಲ್ಲಿಯ ನೀರು ಅಡ್ಡಾದಿಡ್ಡಿ ಚಿಮ್ಮುತ್ತಿದ್ದರೆ ಜಾಲರಿ ಬಿಚ್ಚಿ ನೋಡಿ

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಸಿಂಕಿನ ನಲ್ಲಿ ಪಕ್ಕಕ್ಕೆ ಚಿಮ್ಮಲು ಅಥವಾ ಸಣ್ಣಗೆ ಸುರಿಯಲು ಆರಂಭಿಸಿದಾಗ ಬಹಳಷ್ಟು ಜನ ನಲ್ಲಿಯನ್ನೇ ಬದಲಾಯಿಸುತ್ತಾರೆ. ಸಾಮಾನ್ಯವಾಗಿ ದೋಷವಿರುವುದು ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸಿರುವ ಏರೇಟರ್ ಎಂಬ ಸಣ್ಣ ಜಾಲರಿಯಲ್ಲಿ. ಅದರ ಕೆಲವು ರಂಧ್ರಗಳು ಮುಚ್ಚಿಕೊಂಡರೆ ನೀರು ಉಳಿದ ರಂಧ್ರಗಳಿಂದ ಓರೆಯಾಗಿ ನುಗ್ಗುತ್ತದೆ; ಬಹುಪಾಲು ಮುಚ್ಚಿದರೆ ತೊಟ್ಟಿಕ್ಕುತ್ತದೆ.

ಮೊದಲು ಸಿಂಕಿನ ತೂತನ್ನು ಬಟ್ಟೆಯಿಂದ ಮುಚ್ಚಿ, ವಾಷರ್ ಜಾರಿ ಒಳಗೆ ಹೋಗದಿರಲಿ.

ಹೆಚ್ಚಿನವರು ತಪ್ಪುವುದು ಬಿಚ್ಚುವಾಗ. ಏರೇಟರ್ ಕೆಳಮುಖವಾಗಿರುವುದರಿಂದ, ನಿಂತು ಮೇಲಿನಿಂದ ನೋಡುತ್ತಾ ಎಡಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಬಗ್ಗಿ, ನಲ್ಲಿಯ ಬಾಯಿಯನ್ನು ಕೆಳಗಿನಿಂದ ನೋಡಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಕೈ ಜಾರಿದರೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಆಗಲೂ ಅಲುಗದಿದ್ದರೆ ಕಾರಣ ಸುಣ್ಣದಂಥ ಬಿಳಿಯ ಪದರ. ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ಹಾಕಿ, ನಲ್ಲಿಯ ಬಾಯಿ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಪಕ್ಕಡ್ ಹಿಡಿಯುವುದು ಕೊನೆಯ ದಾರಿಯಾಗಿರಲಿ, ಅದೂ ದಪ್ಪ ಬಟ್ಟೆ ಸುತ್ತಿದ ಮೇಲೆ. ಬರಿ ಪಕ್ಕಡ್ ಹೊಳಪನ್ನು ಗೀರುತ್ತದೆ, ಒತ್ತಿ ಹಿಡಿದರೆ ಉಂಗುರವೇ ಸೊಟ್ಟಗಾಗುತ್ತದೆ. ಹೊರಗೆ ಉಂಗುರವೇ ಕಾಣದಿದ್ದರೆ ಏರೇಟರ್ ಬಾಯಿಯೊಳಗೆ ಅಡಗಿದೆ ಎಂದರ್ಥ. ಅದಕ್ಕೆ ಹಲ್ಲುಗಳಿರುವ ಪ್ಲಾಸ್ಟಿಕ್ ಕೀಲಿ ಬೇಕು, ಚಾಕುವಿನ ತುದಿಯಿಂದ ಮೀಟಬಾರದು.

ಬಿಚ್ಚಿದ ಕೂಡಲೇ ನಲ್ಲಿಯನ್ನು ಪೂರ್ತಿ ತೆರೆಯಿರಿ. ನೀರು ಜೋರಾಗಿ ಬಂದರೆ ಅಡಚಣೆ ಏರೇಟರಿನಲ್ಲೇ ಇತ್ತು; ಆಗಲೂ ಸಣ್ಣಗೇ ಬಂದರೆ ಸಿಂಕಿನ ಕೆಳಗಿನ ಆ್ಯಂಗಲ್ ವಾಲ್ವ್ ಅಥವಾ ಪೈಪನ್ನು ಪರೀಕ್ಷಿಸಬೇಕು.

ಏರೇಟರಿನ ಭಾಗಗಳನ್ನು ಬಿಡಿಸುತ್ತಾ, ಬಿಡಿಸಿದ ಕ್ರಮದಲ್ಲೇ ಸಾಲಾಗಿಟ್ಟು ಫೋಟೊ ತೆಗೆದುಕೊಳ್ಳಿ. ಟ್ಯಾಂಕ್ ತೊಳೆದ ನಂತರ ಸೇರುವ ಮರಳಿಗೆ ವಿನೆಗರ್ ಬೇಕಿಲ್ಲ, ಜಾಲರಿಯನ್ನು ತಲೆಕೆಳಗಾಗಿ ನೀರಿಗೆ ಹಿಡಿದರೆ ಸಾಕು. ಬಿಳಿಯ ಪದರವಿದ್ದರೆ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ (ಗುಳ್ಳೆಗಳೆದ್ದರೆ ಪದರ ಕರಗುತ್ತಿದೆ), ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬೇಡವೇ ಬೇಡ. ಅದು ಕ್ರೋಮ್ ಲೇಪವನ್ನೇ ತಿಂದುಹಾಕುತ್ತದೆ. ಸೂಜಿಯಿಂದ ಚುಚ್ಚುವುದೂ ಸಲ್ಲದು, ಜಾಲರಿ ಹರಿದರೆ ನೀರು ಮತ್ತೆ ಓರೆಯಾಗಿಯೇ ಚಿಮ್ಮುತ್ತದೆ.

ಫೋಟೊ ನೋಡಿಕೊಂಡು ಜೋಡಿಸಿ, ವಾಷರ್ ಸಮತಟ್ಟಾಗಿ ಕೂತಿದೆಯೇ ಎಂದು ಖಚಿತಪಡಿಸಿಕೊಂಡು, ಬರಿಗೈಯಿಂದಲೇ ಬಿಗಿಮಾಡಿ. ಇಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ. ನೀರು ತಡೆಯುವುದು ವಾಷರ್‌ನ ಕೆಲಸ. ಉಂಗುರದ ಅಂಚಿನಿಂದ ನೀರು ಜಿನುಗಿದರೆ ವಾಷರ್ ಜರುಗಿದೆ ಅಥವಾ ಉಂಗುರದ ಥ್ರೆಡ್ ಸೊಟ್ಟಗೆ ಹತ್ತಿದೆ, ಆದ್ದರಿಂದ ಇನ್ನಷ್ಟು ಬಿಗಿಮಾಡುವ ಬದಲು ಬಿಚ್ಚಿ ಮತ್ತೆ ಕೂರಿಸಿ. ಜಾಲರಿ ಹರಿದಿದ್ದರೆ ಹಳೆಯದನ್ನು ಅಂಗಡಿಗೆ ಒಯ್ದು, ಅದೇ ಅಳತೆಯ, ಅದೇ ಬಗೆಯ ಥ್ರೆಡ್ ಇರುವುದನ್ನು ಕೊಳ್ಳಿ.