ಹೊರಗಡೆ ಪಾರ್ಟಿಗೆ ಬ್ಲೂಟೂತ್ ಸ್ಪೀಕರ್ ಕೊಳ್ಳುವ ಮೊದಲು

ಗೋಕರ್ಣದ ಬೀಚಿಗೆ ಇಪ್ಪತ್ತು ಜನ ಹೊರಟಿದ್ದೀರಿ ಅಂದುಕೊಳ್ಳಿ. ಅಂಗಡಿಯಲ್ಲಿ ಕಿವಿ ತುಂಬಿದ ಸ್ಪೀಕರ್ ಅಲ್ಲಿ ಪಿಸುಗುಡುತ್ತದೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ವಾಪಸ್ ಕಳಿಸುತ್ತವೆ, ಬಯಲಲ್ಲಿ ಅದು ಹೋದರೆ ಹೋಯಿತು. ಮೊದಲು ಸೊರಗುವುದು ಬೇಸ್. ಬರೀ ವ್ಯಾಟ್ಸ್ ನೋಡಿ ಮರುಳಾಗಬೇಡಿ: 10 ವ್ಯಾಟ್ಸ್ ಬದಲು 20 ತಂದರೆ ಸದ್ದು ದುಪ್ಪಟ್ಟು ಆಗಲ್ಲ, ಸ್ವಲ್ಪ ಏರುತ್ತದೆ ಅಷ್ಟೇ. ಇಷ್ಟು ಜನಕ್ಕೆ 30-40 ವ್ಯಾಟ್ಸ್ ಇರಲಿ. ಸಾಧ್ಯವಾದರೆ ಅಂಗಡಿಯವರನ್ನು ಕೇಳಿ ಹೊರಗೆ ತಂದು, ಫುಲ್ ವಾಲ್ಯೂಮ್ ಇಟ್ಟು, ಹತ್ತು ಹೆಜ್ಜೆ ದೂರ ನಿಂತು ಕೇಳಿ. ಹಾಡು ಒಡೆದಂತೆ ಕೇಳಿಸಿದರೆ ಬೇಡ.

ಬ್ಯಾಟರಿ ಬಗ್ಗೆ ಬಾಕ್ಸ್ ಮೇಲಿನ '12 ಗಂಟೆ' ಸಾಮಾನ್ಯವಾಗಿ ಅರ್ಧ ವಾಲ್ಯೂಮಿನ ಲೆಕ್ಕ. ಬಯಲಲ್ಲಿ ಜೋರಾಗಿಯೇ ಇಡುತ್ತೀರಿ ಅಲ್ವಾ? ಹಾಗಾಗಿ ಅರ್ಧಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಲೈಟ್ ಮಿನುಗುವ ಮಾಡೆಲ್ ಆದರೆ ಲೈಟ್ ಆಫ್ ಮಾಡಿ, ಸುಮ್ನೆ ಬ್ಯಾಟರಿ ತಿನ್ನುತ್ತದೆ.

ಮರಳಿಗೆ ಧೂಳು, ನೀರು ತಡೆಯುವ IP67 ರೇಟಿಂಗ್ ಬೇಕೇ ಬೇಕು. 6 ಅಂದರೆ ಧೂಳು ಒಳಹೋಗಲ್ಲ, 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ. IPX7 ಎಂದಿದ್ದರೆ ಧೂಳಿನ ಭರವಸೆಯೇ ಇಲ್ಲ. ಆ ಪರೀಕ್ಷೆಯೂ ಸಿಹಿನೀರಲ್ಲಿ, ಸಮುದ್ರದ ನೀರಲ್ಲಲ್ಲ. ಉಪ್ಪುನೀರು ತಾಗಿದರೆ ಚಾರ್ಜಿಂಗ್ ಪೋರ್ಟಿನ ಮುಚ್ಚಳ ಗಟ್ಟಿ ಒತ್ತಿ, ನಲ್ಲಿ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಪೋರ್ಟ್ ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.