ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ: ಮೊದಲ ದಿನದ ತೂಕವೇ ಮುಖ್ಯ ದಾಖಲೆ

ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಕಡತ ಜೋಡಿಸುತ್ತಿದ್ದ ದಿನಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಬೊಜ್ಜು ಇಳಿಸಲು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಕ್ಲೇಮು ತಿರಸ್ಕೃತವಾದಾಗ ರೋಗಿಗೆ ಅರ್ಹತೆಯೇ ಇರಲಿಲ್ಲ ಎನ್ನುವಂಥ ಪ್ರಸಂಗಗಳು ಕಡಿಮೆ. ಅರ್ಹತೆ ಇತ್ತು, ಆದರೆ ಕಾಗದದಲ್ಲಿ ಇರಲಿಲ್ಲ ಎನ್ನುವಂಥವೇ ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡುವುದಕ್ಕೆ ಕೆಲವು ತಿಂಗಳು ಮೊದಲೇ ಕಡತದ ಕೆಲಸ ಶುರುವಾಗಬೇಕು.

ಮೊದಲು ಪಾಲಿಸಿಯ ಹೊರಗಿಡುವಿಕೆಗಳ ಪುಟ ತೆರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಈ ಷರತ್ತುಗಳ ಭಾಷೆಯನ್ನು ಎಲ್ಲ ಆರೋಗ್ಯ ವಿಮಾ ಕಂಪನಿಗಳಿಗೂ ಒಂದೇ ತೆರನಾಗಿಸಿತು. ಬೊಜ್ಜಿನ ಚಿಕಿತ್ಸೆಗೆ ಸಂಬಂಧಿಸಿದ ಷರತ್ತಿನ ಸಂಕೇತ Excl06. ಅದನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಅದು ‘ಕೊಡುತ್ತೇವೆ’ ಎಂದು ಹೇಳುವುದಿಲ್ಲ. ‘ಇವೆಲ್ಲ ಇಲ್ಲದಿದ್ದರೆ ಕೊಡುವುದಿಲ್ಲ’ ಎನ್ನುತ್ತದೆ. ವೈದ್ಯರ ಸಲಹೆ ಇರಬೇಕು, ಶಸ್ತ್ರಚಿಕಿತ್ಸೆಗೆ ಒಪ್ಪಿತ ವೈದ್ಯಕೀಯ ಕಾರ್ಯವಿಧಾನದ ಆಧಾರ ಇರಬೇಕು, ರೋಗಿಗೆ 18 ವರ್ಷ ತುಂಬಿರಬೇಕು. ಆಮೇಲೆ ಬರುವುದು ದೇಹದ ತೂಕದ ಸೂಚ್ಯಂಕ, ಅಂದರೆ ಬಿಎಂಐ. ಅದು 40 ಅಥವಾ ಹೆಚ್ಚು ಇದ್ದರೆ ಬೇರೆ ಕಾಯಿಲೆಯ ಪುರಾವೆ ಬೇಡ. 35ರಿಂದ 40ರ ನಡುವೆ ಇದ್ದರೆ ಜೊತೆಗೆ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ಇರಬೇಕು: ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ದೌರ್ಬಲ್ಯ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಟೈಪ್ 2 ಮಧುಮೇಹ. ಸಾಲದ್ದಕ್ಕೆ, ಶಸ್ತ್ರಚಿಕಿತ್ಸೆಯಲ್ಲದ ಸೌಮ್ಯ ವಿಧಾನಗಳಿಂದ ತೂಕ ಇಳಿಸಲು ಪ್ರಯತ್ನಿಸಿ ಸೋತಿರಬೇಕು.

ಈ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ಮಂಡಿ ನೋವಿಲ್ಲ, ರಕ್ತದೊತ್ತಡವಿಲ್ಲ, ಪಿಸಿಒಡಿ ಇಲ್ಲ, ಫ್ಯಾಟಿ ಲಿವರ್ ಇಲ್ಲ. ಬೊಜ್ಜಿನಿಂದ ಬಳಲುವವರು ಮೊದಲು ಹೇಳಿಕೊಳ್ಳುವುದು ಇವನ್ನೇ. ವೈದ್ಯರೂ ಚೀಟಿಯಲ್ಲಿ ಇವನ್ನೇ ಬರೆಯುತ್ತಾರೆ, ನಿಜವಾಗಿ ಬೇಕಾದ ಸಕ್ಕರೆಯ ಅಂಕಿ ಮೂಲೆಗೆ ಸೇರುತ್ತದೆ. ಇನ್ನೊಂದು ತೊಡಕೂ ಇದೆ. ಏಷ್ಯಾದವರಲ್ಲಿ ಕಡಿಮೆ ತೂಕದಲ್ಲೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ಬಿಎಂಐ ಮಿತಿಯನ್ನು ಇನ್ನೂ ಕೆಳಗಿಳಿಸಿದವು, ಏಷ್ಯನ್ನರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. ಆದ್ದರಿಂದ ಬಿಎಂಐ 33 ಇರುವವರಿಗೆ ವೈದ್ಯರು ‘ಮಾಡಿಸಿಕೊಳ್ಳಿ’ ಎಂದರೆ ಅದು ತಪ್ಪಲ್ಲ, ವಿಮಾ ಕಂಪನಿ ‘ಕೊಡುವುದಿಲ್ಲ’ ಎಂದರೆ ಅದೂ ಪಾಲಿಸಿಗೆ ವಿರುದ್ಧವಲ್ಲ. ಇಬ್ಬರೂ ಬೇರೆ ಬೇರೆ ಪುಸ್ತಕ ನೋಡಿ ಮಾತನಾಡುತ್ತಿರುತ್ತಾರೆ. ಕೆಲವು ಪಾಲಿಸಿಗಳು, ಮುಖ್ಯವಾಗಿ ಉದ್ಯೋಗ ಕೊಡುವ ಸಂಸ್ಥೆಯ ಗುಂಪು ವಿಮೆ, ಇದಕ್ಕಿಂತ ಉದಾರವಾಗಿರುವುದುಂಟು. ನಿಮ್ಮದು ಯಾವ ಬಗೆಯದು ಎಂಬುದು ಪಾಲಿಸಿಯ ಪೂರ್ಣ ಪ್ರತಿಯಲ್ಲಿ ಸಿಗುತ್ತದೆ, ಕೈಗೆ ಕೊಡುವ ಕಾರ್ಡಿನಲ್ಲಿ ಅಲ್ಲ.

ಅಳತೆಯ ಚೀಟಿ

ದಾವಣಗೆರೆಯ ಒಬ್ಬ ಶಿಕ್ಷಕಿ, ವಯಸ್ಸು 44, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟಿದ್ದಾರೆ ಎಂದುಕೊಳ್ಳೋಣ. ತೂಕ 93 ಕಿಲೊ, ಎತ್ತರ 162 ಸೆಂಟಿಮೀಟರ್. ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತದೆ.

```
93 ÷ (1.62 × 1.62) = 35.4
```

ಗಡಿ ದಾಟಿದ್ದಾರೆ, ಆದರೆ ಕೂದಲೆಳೆಯಷ್ಟು. ಈಗ ಅವರು ದಾಖಲಾಗುವ ದಿನ ನರ್ಸ್ ಎತ್ತರ ಕೇಳುತ್ತಾರೆ. ‘ಐದು ಅಡಿ ಐದು ಇಂಚು ಇರಬಹುದು’ ಎಂದು ಶಿಕ್ಷಕಿ ಅಂದಾಜಿನಲ್ಲಿ ಹೇಳುತ್ತಾರೆ, ಕೇಸ್ ಶೀಟಿನಲ್ಲಿ 165 ಎಂದು ದಾಖಲಾಗುತ್ತದೆ. ಅದೇ 93 ಕಿಲೊಗೆ ಬಿಎಂಐ ಈಗ 34.2! ಮೂರು ಸೆಂಟಿಮೀಟರಿನ ಅಂದಾಜು ಕ್ಲೇಮನ್ನೇ ನುಂಗಿತು. ಎತ್ತರ ವರ್ಗವಾಗುವುದರಿಂದ ಅಲ್ಲಿನ ಸಣ್ಣ ತಪ್ಪು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ತೂಕವನ್ನು ಎಲ್ಲರೂ ಯಂತ್ರದ ಮೇಲೆ ನಿಲ್ಲಿಸಿ ನೋಡುತ್ತಾರೆ, ಎತ್ತರವನ್ನು ಬಾಯಿಮಾತಿಗೆ ಬಿಡುತ್ತಾರೆ. ಚಪ್ಪಲಿ ಬಿಚ್ಚಿ, ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಂತು ಅಳೆಸಿಕೊಳ್ಳಿ.

ಎರಡನೆಯ ಬಲೆ ಇದಕ್ಕಿಂತ ಸೂಕ್ಷ್ಮ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಮೊದಲು ಸಾಮಾನ್ಯವಾಗಿ ಸುಮಾರು ಎರಡು ವಾರ ತೀರಾ ಕಡಿಮೆ ಕ್ಯಾಲರಿಯ, ಹೆಚ್ಚಾಗಿ ದ್ರವ ರೂಪದ ಆಹಾರ ಕೊಡುತ್ತಾರೆ. ಜಠರದ ಮೇಲೆ ಚಾಚಿಕೊಂಡಿರುವ ಯಕೃತ್ತಿನ ಕೊಬ್ಬು ಕರಗಿ ಅದು ಕುಗ್ಗಿದರೆ ಶಸ್ತ್ರವೈದ್ಯರಿಗೆ ಜಾಗ ಸಿಗುತ್ತದೆ ಎಂಬುದು ಕಾರಣ. ನಮ್ಮ ಶಿಕ್ಷಕಿ ಹೇಳಿದಂತೆ ಪಥ್ಯ ಮಾಡಿ ಮೂರು ಕಿಲೊ ಇಳಿಸಿಕೊಂಡು ಬರುತ್ತಾರೆ. ದಾಖಲಾತಿಯ ದಿನದ ತೂಕ 90, ಬಿಎಂಐ 34.3. ವಿಮಾ ಕಂಪನಿಯ ವೈದ್ಯರ ಕಣ್ಣಿಗೆ ಬೀಳುವುದು ಈ ಅಂಕಿ. ವಿಧೇಯತೆಗೆ ಸಿಕ್ಕ ಶಿಕ್ಷೆ!

ಪಥ್ಯ ಶುರುವಾಗುವ ಮೊದಲು, ಶಸ್ತ್ರವೈದ್ಯರನ್ನು ಕಂಡ ಮೊದಲ ದಿನವೇ ಒಪಿಡಿ ಚೀಟಿಯಲ್ಲಿ ಅಳೆದ ಎತ್ತರ, ತೂಕ, ಬಿಎಂಐ, ದಿನಾಂಕ, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇಷ್ಟನ್ನೂ ಬರೆಸಿಕೊಂಡರೆ ಈ ಬಲೆಯಿಂದ ಪಾರಾಗಬಹುದು. ಪಥ್ಯ ಯಾವ ದಿನ ಶುರುವಾಯಿತು, ಏಕೆ ಎಂದು ಇನ್ನೊಂದು ಸಾಲು ಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡೂ ತೂಕಗಳು ದಿನಾಂಕದೊಡನೆ ಬರಲಿ. ಹಾಗೆಂದು ತೂಕ ಕಾಯ್ದುಕೊಳ್ಳಲು ಪಥ್ಯ ಬಿಡುವುದು ಬೇಡ. ಅದು ಶಸ್ತ್ರಚಿಕಿತ್ಸೆಯ ಸುರಕ್ಷತೆಯ ವಿಷಯ.

‘ಹತೋಟಿಯಲ್ಲಿಲ್ಲ’ ಎಂದು ಹೇಳುವುದು ಹೇಗೆ

ಶಿಕ್ಷಕಿಗೆ ಮಧುಮೇಹವಿದೆ. ಆದರೆ ಷರತ್ತು ಕೇಳುವುದು ಹತೋಟಿಗೆ ಬಾರದ ಮಧುಮೇಹವನ್ನು, ಮತ್ತು ಎಷ್ಟಾದರೆ ಹತೋಟಿ ತಪ್ಪಿತು ಎಂಬ ಅಂಕಿ ಅದರಲ್ಲಿಲ್ಲ. ಒಂದೇ ಒಂದು ರಕ್ತ ಪರೀಕ್ಷೆ ತೋರಿಸಿದರೆ, ‘ಔಷಧ ಬದಲಿಸಿದ್ದರೆ ಸರಿಹೋಗುತ್ತಿತ್ತು’ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಗಳ ಸಾಲು ಬೇಕು. ಜನವರಿಯಲ್ಲಿ 8.9, ಏಪ್ರಿಲ್‌ನಲ್ಲಿ ಎರಡನೆಯ ಮಾತ್ರೆ ಸೇರಿಸಿದ ಮೇಲೂ 8.6, ಆಗಸ್ಟ್‌ನಲ್ಲಿ ಇನ್ಸುಲಿನ್ ಶುರುಮಾಡಿದ ನಂತರ 8.4 ಎಂದು ಔಷಧದ ಚೀಟಿಗಳೊಡನೆ ಜೋಡಿಸಿದಾಗ ಕಥೆ ತಾನೇ ಹೇಳಿಕೊಳ್ಳುತ್ತದೆ. ಸಾಮಾನ್ಯವಾಗಿ 7ರ ಕೆಳಗೆ ತರುವುದು ಚಿಕಿತ್ಸೆಯ ಗುರಿ. ಇಲ್ಲಿ ಔಷಧ ಏರುತ್ತಲೇ ಹೋಯಿತು, ಸಕ್ಕರೆ ಗುರಿ ಮುಟ್ಟಲಿಲ್ಲ.

ಮಧುಮೇಹದ ಬದಲು ಸ್ಲೀಪ್ ಆಪ್ನಿಯಾ ಆಧಾರವಾಗಿದ್ದರೆ ‘ಗೊರಕೆ ಇದೆ’ ಎಂಬ ಬರಹ ಸಾಲದು. ರಾತ್ರಿಯಿಡೀ ಮಾಡುವ ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ ಸರಾಸರಿ 30 ಅಥವಾ ಹೆಚ್ಚು ಬಾರಿ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂದು ಬಂದರೆ ಅದು ತೀವ್ರ.

ಸೌಮ್ಯ ವಿಧಾನಗಳ ಸೋಲಿಗೂ ಹೀಗೆಯೇ ಸಾಕ್ಷಿ ಬೇಕು. ಎಷ್ಟು ತಿಂಗಳು ಪ್ರಯತ್ನಿಸಬೇಕು ಎಂದು ಷರತ್ತು ಹೇಳುವುದಿಲ್ಲ. ಆದರೆ ಕ್ಲೇಮು ಪರಿಶೀಲಿಸುವವರು ದಾಖಲೆ ಕೇಳುತ್ತಾರೆ. ‘ವಾಕಿಂಗ್ ಮಾಡಿದೆ, ಅನ್ನ ಬಿಟ್ಟು ಮುದ್ದೆ ಹಿಡಿದೆ’ ಎಂಬ ಮಾತು ಎಷ್ಟೇ ನಿಜವಾಗಿದ್ದರೂ ಕಡತಕ್ಕೆ ಸೇರುವುದಿಲ್ಲ. ಡಯಟಿಷಿಯನ್ ಬಳಿ ತಿಂಗಳಿಗೊಮ್ಮೆ ಹೋಗಿ ತೂಕ ಬರೆಸಿಕೊಂಡ ಚೀಟಿ, ವೈದ್ಯರು ಕೊಟ್ಟ ಔಷಧದ ವಿವರ, ಕೊಟ್ಟ ಹಣದ ರಸೀದಿ ಸೇರುತ್ತವೆ. ಇಳಿದು ಮತ್ತೆ ಏರಿದ ತೂಕವೂ ಸೋಲಿನ ಪುರಾವೆಯೇ, ಅದನ್ನು ಮುಚ್ಚಿಡಬೇಡಿ.

ಅಗತ್ಯದ ಪ್ರಮಾಣಪತ್ರ

ಶಸ್ತ್ರವೈದ್ಯರ ಪತ್ರ ಹಲವು ಬಾರಿ ಎರಡೇ ಸಾಲಿನದು: ರೋಗಿಗೆ ಬೊಜ್ಜು ಇದೆ, ಶಸ್ತ್ರಚಿಕಿತ್ಸೆ ಸೂಚಿಸಲಾಗಿದೆ. ಇದರಿಂದ ಕೆಲಸ ಆಗುವುದಿಲ್ಲ. ಪಾಲಿಸಿಯಲ್ಲೇ ‘ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ’ಗೆ ವ್ಯಾಖ್ಯಾನವಿದೆ: ಕಾಯಿಲೆಯ ನಿರ್ವಹಣೆಗೆ ಅದು ಬೇಕಾಗಿರಬೇಕು, ಬೇಕಾದುದಕ್ಕಿಂತ ಹೆಚ್ಚಿನದಾಗಿರಬಾರದು, ವೈದ್ಯರು ಸೂಚಿಸಿರಬೇಕು, ವೈದ್ಯ ಸಮುದಾಯ ಒಪ್ಪಿದ ಮಾನದಂಡಕ್ಕೆ ಅನುಗುಣವಾಗಿರಬೇಕು. ಪತ್ರ ಈ ನಾಲ್ಕಕ್ಕೂ ಉತ್ತರವಾಗಬೇಕು. ಶಿಕ್ಷಕಿಯ ಪತ್ರದ ತಿರುಳು ಹೀಗಿರಬಹುದು: ‘ಇಂಥ ದಿನ ಅಳೆದಂತೆ ಬಿಎಂಐ 35.4. ಮೂರು ಔಷಧಗಳಿದ್ದರೂ ಎಚ್‌ಬಿಎ1ಸಿ 8.4. ಎಂಟು ತಿಂಗಳು ಪಥ್ಯ ಮತ್ತು ವ್ಯಾಯಾಮದಿಂದ ಉಳಿದುಕೊಂಡ ಇಳಿಕೆ ಇಲ್ಲ. ಮಧುಮೇಹದ ನಿರ್ವಹಣೆಗಾಗಿ ಜಠರದ ಬಹುಭಾಗ ತೆಗೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಸೂಚಿಸಿದ್ದೇನೆ. ಇದು ಸೌಂದರ್ಯಕ್ಕಾಗಿ ಅಲ್ಲ.’ ಮಧುಮೇಹ ನೋಡಿಕೊಳ್ಳುವ ವೈದ್ಯರಿಂದ ಬೇರೊಂದು ಪತ್ರವಿದ್ದರೆ ಬಲ ಹೆಚ್ಚು, ಏಕೆಂದರೆ ಅವರಿಗೆ ಶಸ್ತ್ರಚಿಕಿತ್ಸೆಯಿಂದ ಲಾಭವಿಲ್ಲ.

ಇಲ್ಲೇ ಒಂದು ಅಪಾಯ ಕಾದಿರುತ್ತದೆ. ಮಧುಮೇಹವೇ ನಿಮ್ಮ ಅರ್ಹತೆಯ ಆಧಾರ ಎಂದಾಗ ಅದು ಯಾವಾಗ ಬಂತು ಎಂಬ ಪ್ರಶ್ನೆಯೂ ಏಳುತ್ತದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳ ಕಾಯುವ ಅವಧಿ ಇರಬಹುದು. ಪ್ರಸ್ತಾವನೆ ಅರ್ಜಿಯಲ್ಲಿ ಮಧುಮೇಹವನ್ನು ತಿಳಿಸದೆ ಇದ್ದರೆ ಆ ಮೌನ ಈಗ ಎದುರು ಬಂದು ನಿಲ್ಲುತ್ತದೆ. ಡ್ಯೂಟಿ ವೈದ್ಯರು ಅವಸರದಲ್ಲಿ ‘ಎಂಟು ವರ್ಷದಿಂದ ಮಧುಮೇಹ’ ಎಂದು ಬರೆದಿದ್ದು, ನಿಜವಾಗಿ ಅದು ನಾಲ್ಕು ವರ್ಷದ್ದಾಗಿದ್ದರೆ, ಮೊದಲ ರಕ್ತ ಪರೀಕ್ಷೆಯ ವರದಿ ತೋರಿಸಿ ದಾಖಲಾತಿಯ ದಿನವೇ ತಿದ್ದಿಸಿ. ಡಿಸ್ಚಾರ್ಜ್ ಆದ ಮೇಲೆ ಮಾಡಿದ ತಿದ್ದುಪಡಿಯನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

ಕಳಿಸಿದ ಮೇಲೆ

ಪೂರ್ವಾನುಮತಿಯ ಅರ್ಜಿ ಆಸ್ಪತ್ರೆಯಿಂದ ವಿಮಾ ಕಂಪನಿಗೆ, ಅಥವಾ ಅದರ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೆ ಹೋಗುತ್ತದೆ. ಐಆರ್‌ಡಿಎಐನ 2024ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ ಬರಬೇಕು, ಡಿಸ್ಚಾರ್ಜ್ ವೇಳೆಯ ಅಂತಿಮ ಅನುಮತಿ ಮೂರು ಗಂಟೆಯೊಳಗೆ. ಬೇರಿಯಾಟ್ರಿಕ್ ಕಡತಕ್ಕೆ ಆ ಗಂಟೆಯೊಳಗೆ ಬರುವುದು ಅನುಮತಿಯೇ ಎಂದು ನಂಬಬೇಡಿ. ಹೆಚ್ಚು ದಾಖಲೆ ಕೇಳುವ ಪ್ರಶ್ನೆಯೂ ಬರಬಹುದು. ಅದಕ್ಕೇ ಯೋಜಿತ ಶಸ್ತ್ರಚಿಕಿತ್ಸೆಯ ಅರ್ಜಿಯನ್ನು ಹಲವು ದಿನ ಮುಂಚೆ ಕಳಿಸುವುದು ಲೇಸು. ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೇಮಿನ ತಿರಸ್ಕಾರವಲ್ಲ: ಹಣ ಕಟ್ಟಿ ಆಮೇಲೆ ಮರುಪಾವತಿಗೆ ಅರ್ಜಿ ಹಾಕುವ ದಾರಿ ಉಳಿದಿರುತ್ತದೆ.

ಕ್ಲೇಮೇ ತಿರಸ್ಕೃತವಾದರೆ ಲಿಖಿತ ಕಾರಣ ಕೇಳಿ. ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ಹೇಳಲೇಬೇಕು. ಆಂತರಿಕ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತೆಯೂ ಇಲ್ಲ. ‘ಬಿಎಂಐ 35ಕ್ಕಿಂತ ಕಡಿಮೆ’ ಎಂದು ಬಂದರೆ ಮೊದಲ ದಿನದ ಚೀಟಿ ಲಗತ್ತಿಸಿ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ದೂರು ಕೊಡಲು ಒಂದು ವರ್ಷದ ಗಡುವಿದೆ. ಕಂಪನಿಯ ತಿರಸ್ಕಾರ ಪತ್ರ ಬಂದ ಲಕೋಟೆಯನ್ನೂ, ಇಮೇಲ್ ಆದರೆ ಅದರ ದಿನಾಂಕವನ್ನೂ ಕಡತದಲ್ಲೇ ಇಟ್ಟುಕೊಳ್ಳಿ.